ಒಂದು ಎಕರೆ ಉಳುಮೆ: ಟ್ರ್ಯಾಕ್ಟರ್ ಸುಡುವ ಡೀಸೆಲ್ ಹಾಗೂ ಎತ್ತಿನ ಜೋಡಿ ತಿನ್ನುವ ಮೇವು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ ಹಾಗೂ ಚಿಂಚೋಳಿ ತಾಲೂಕುಗಳಲ್ಲಿ ಮತ್ತು ವಾಡಿ ಪಟ್ಟಣದ ಸುತ್ತಲಿನ ಗ್ರಾಮಗಳಲ್ಲಿ ಉಳುಮೆಯ ಕೆಲಸವು ಇಂದು ಬಹುಮಟ್ಟಿಗೆ ಟ್ರ್ಯಾಕ್ಟರ್‌ನಿಂದಲೇ ನಡೆಯುತ್ತದೆ. ಆದರೂ ಎತ್ತಿನ ಜೋಡಿಯನ್ನು ಉಳಿಸಿಕೊಳ್ಳಬೇಕೇ, ಮಾರಬೇಕೇ ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಪ್ರತಿ ಬೇಸಿಗೆಯಲ್ಲಿಯೂ ಏಳುತ್ತದೆ. ಟ್ರ್ಯಾಕ್ಟರ್ ಡೀಸೆಲ್ ಕುಡಿಯುತ್ತದೆ, ಎತ್ತು ಹೊಲದ ಮೇವನ್ನೇ ತಿನ್ನುತ್ತದೆ, ಆದ್ದರಿಂದ ಎತ್ತಿನ ಉಳುಮೆಗೆ ಶಕ್ತಿಯ ವೆಚ್ಚವೇ ಇಲ್ಲ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಮೇವು ಕೂಡ ಇಂಧನವೇ ಆಗಿರುವುದರಿಂದ ಎರಡನ್ನೂ ಒಂದೇ ಅಳತೆಯಲ್ಲಿ ಇಟ್ಟು ನೋಡುವುದು ಅವಶ್ಯಕವಾಗಿರುತ್ತದೆ.

ಅಳತೆಯ ಮಾನ

ಇಲ್ಲಿ ಶಕ್ತಿಯನ್ನು ಮೆಗಾಜೂಲ್‌ಗಳಲ್ಲಿ ಲೆಕ್ಕ ಹಾಕಲಾಗಿದೆ. ಮನೆಯ ವಿದ್ಯುತ್ ಬಿಲ್ಲಿನ ಒಂದು ಯೂನಿಟ್ ಎಂದರೆ 3.6 ಮೆಗಾಜೂಲ್. ವಯಸ್ಕ ವ್ಯಕ್ತಿಯೊಬ್ಬರ ಒಂದು ದಿನದ ಊಟದಲ್ಲಿ ಸುಮಾರು 10 ಮೆಗಾಜೂಲ್ ಶಕ್ತಿ ಇರುತ್ತದೆ. ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 36 ಮೆಗಾಜೂಲ್ ಶಾಖ ದೊರೆಯುತ್ತದೆ. ಒಣಗಿದ ಜೋಳದ ಕಣಿಕೆ ಒಂದು ಕಿಲೋ ತಿಂದ ಎತ್ತಿನ ಮೈಗೆ ದಕ್ಕುವುದು ಸುಮಾರು 7.5 ಮೆಗಾಜೂಲ್ ಮಾತ್ರ. ಕಣಿಕೆಯಲ್ಲಿ ಅದರ ಇಮ್ಮಡಿಗಿಂತಲೂ ಹೆಚ್ಚು ಶಕ್ತಿ ಇದ್ದರೂ ಉಳಿದದ್ದು ಬಹುಪಾಲು ಸಗಣಿಯ ರೂಪದಲ್ಲಿ ಹೊರಬೀಳುತ್ತದೆ. ಈ ಲೇಖನದಲ್ಲಿ ಎತ್ತಿನ ಲೆಕ್ಕವು ಮೈಗೆ ದಕ್ಕುವ ಶಕ್ತಿಯದ್ದೇ ಆಗಿರುತ್ತದೆ.

ಎತ್ತಿನ ಜೋಡಿಯ ಲೆಕ್ಕ

ದೇವಣಿ ಅಥವಾ ಖಿಲಾರಿ ತಳಿಯ, ತಲಾ 400 ಕಿಲೋ ತೂಗುವ ಒಂದು ಜೋಡಿಯನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಎತ್ತು ದಿನವಿಡೀ ದಣಿಯದೆ ಎಳೆಯಬಲ್ಲ ಭಾರವು ಅದರ ಮೈತೂಕದ ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಅಂದರೆ ಈ ಜೋಡಿಯು ಸುಮಾರು 90 ಕಿಲೋ ಭಾರದಷ್ಟು ಎಳೆತವನ್ನು ಕೊಡಬಲ್ಲದು.

ಸಾಲಿನಿಂದ ಸಾಲಿಗೆ 20 ಸೆಂಟಿಮೀಟರ್ ಅಂತರವಿಟ್ಟು ಮರದ ನೇಗಿಲಿನಿಂದ ಒಂದು ಎಕರೆಯನ್ನು ಉಳುವುದಾದರೆ ಜೋಡಿಯು 20 ಕಿಲೋಮೀಟರ್ ನಡೆಯಬೇಕಾಗುತ್ತದೆ. ಸಾಲಿನ ತುದಿಯಲ್ಲಿ ತಿರುಗುವ ನಡಿಗೆ ಇದರಲ್ಲಿ ಸೇರಿರುವುದಿಲ್ಲ. ಎರಡು ದಿನಗಳ ಕೆಲಸವಿದು. ಈ ದೂರವನ್ನು ಆ ಎಳೆತದಿಂದ ಗುಣಿಸಿದರೆ ನೇಗಿಲಿನ ತುದಿಯಲ್ಲಿ ಆದ ಕೆಲಸವು ಸುಮಾರು 18 ಮೆಗಾಜೂಲ್, ಅಂದರೆ ಐದು ಯೂನಿಟ್ ವಿದ್ಯುತ್ತಿನಷ್ಟು ಆಗುತ್ತದೆ. ಒಂದು ಎಕರೆ ಎರೆ ಭೂಮಿಯನ್ನು 10 ಸೆಂಟಿಮೀಟರ್ ಆಳಕ್ಕೆ ಸೀಳಲು ಬೇಕಾದದ್ದು ಇಷ್ಟೇ.

ಆದರೆ ಇಷ್ಟನ್ನು ಕೊಡಲು ಜೋಡಿಯು ಬಹಳ ಹೆಚ್ಚು ತಿನ್ನಬೇಕಾಗುತ್ತದೆ. ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿದ್ದರೂ ಎರಡೂ ಎತ್ತುಗಳ ಉಸಿರಾಟ, ಮೈಬಿಸಿ, ಜೀರ್ಣಕ್ರಿಯೆಗೆ ದಿನಕ್ಕೆ ಸುಮಾರು 90 ಮೆಗಾಜೂಲ್ ಬೇಕು. ಉಳುಮೆಯ ದಿನ ಎಳೆಯುವುದಕ್ಕೆ ಇನ್ನೂ 30 ಮತ್ತು ತಮ್ಮ ಮೈಯನ್ನು ತಾವೇ ಹೊತ್ತು 10 ಕಿಲೋಮೀಟರ್ ನಡೆಯುವುದಕ್ಕೆ ಸುಮಾರು 23 ಮೆಗಾಜೂಲ್ ಸೇರಿ ಒಟ್ಟು 143 ಆಗುತ್ತದೆ. ಎರಡು ದಿನಕ್ಕೆ 286 ಮೆಗಾಜೂಲ್. ಹೀಗೆ ಮೈಗೆ ದಕ್ಕಿದ ಶಕ್ತಿಯಲ್ಲಿ ನೇಗಿಲಿಗೆ ತಲುಪಿದ್ದು ನೂರಕ್ಕೆ ಆರು ಪಾಲು ಮಾತ್ರ.

ಟ್ರ್ಯಾಕ್ಟರ್‌ನ ಲೆಕ್ಕ

45 ಅಶ್ವಶಕ್ತಿಯ ಟ್ರ್ಯಾಕ್ಟರ್ ಒಂಬತ್ತು ಹಲ್ಲಿನ ಕಲ್ಟಿವೇಟರ್ ಕಟ್ಟಿಕೊಂಡು ಅದೇ 10 ಸೆಂಟಿಮೀಟರ್ ಆಳಕ್ಕೆ ಒಂದು ಎಕರೆ ಹೊಡೆಯಲು, ಭೂಮಿ ಹದವಾಗಿದ್ದಲ್ಲಿ, ಸುಮಾರು 3 ಲೀಟರ್ ಡೀಸೆಲ್ ಬೇಕಾಗುತ್ತದೆ. ಅದು 108 ಮೆಗಾಜೂಲ್, ಅಂದರೆ ಹತ್ತು ಹನ್ನೊಂದು ಜನರ ಒಂದು ದಿನದ ಊಟಕ್ಕೆ ಸಮ. ಅದೇ ಕೆಲಸಕ್ಕೆ ಎತ್ತಿನ ಜೋಡಿಗೆ 286 ಮೆಗಾಜೂಲ್ ಬೇಕಾಯಿತು ಎಂಬುದನ್ನು ಮೇಲೆ ನೋಡಲಾಗಿದೆ. ಟ್ರ್ಯಾಕ್ಟರ್ ಸುಟ್ಟದ್ದು ಅದರ ಅರ್ಧಕ್ಕಿಂತ ಕಡಿಮೆ. ಇದು ಅನೇಕರ ನಿರೀಕ್ಷೆಗೆ ವಿರುದ್ಧವಾದ ಫಲಿತಾಂಶವಾಗಿದೆ.

ಕಾರಣ ಸರಳವಾಗಿದೆ. ಡೀಸೆಲ್ ಎಂಜಿನ್ನು ಇಂಧನದ ಬಹುಪಾಲನ್ನು ಶಾಖವಾಗಿ ಚೆಲ್ಲಿದರೂ, ಗಾಲಿಯ ಜಾರುವಿಕೆಯಲ್ಲಿ ಇನ್ನಷ್ಟು ಕಳೆದರೂ, ನೂರಕ್ಕೆ ಹದಿನೇಳು ಪಾಲಿನಷ್ಟನ್ನು ಕಲ್ಟಿವೇಟರ್‌ಗೆ ಮುಟ್ಟಿಸುತ್ತದೆ. ಕೆಲಸ ಮುಗಿದ ಮೇಲೆ ಎಂಜಿನ್ನನ್ನು ನಿಲ್ಲಿಸಬಹುದು. ಎತ್ತನ್ನು ನಿಲ್ಲಿಸಲು ಬರುವುದಿಲ್ಲ.

ಹೋಲಿಕೆಯಲ್ಲಿ ಆಗುವ ತಪ್ಪು

ಈ ಭಾಗದಲ್ಲಿ ಉಳುಮೆ ಎಂಬ ಒಂದೇ ಪದವನ್ನು ಎರಡು ಬೇರೆ ಕೆಲಸಗಳಿಗೆ ಬಳಸಲಾಗುತ್ತಿದೆ. ಪಲ್ಟಿ ನೇಗಿಲಿನಿಂದ 20 ಸೆಂಟಿಮೀಟರ್‌ಗಿಂತ ಆಳಕ್ಕೆ ಮಣ್ಣನ್ನು ಮಗುಚಿ ಹಾಕುವುದು ಒಂದು. ಕಲ್ಟಿವೇಟರ್ ಅಥವಾ ಮರದ ನೇಗಿಲಿನಿಂದ ಮೇಲ್ಮಣ್ಣನ್ನು ಸೀಳುವುದು ಮತ್ತೊಂದು. ಎರೆ ಭೂಮಿಯಲ್ಲಿ ಪಲ್ಟಿ ಹೊಡೆಯಲು ಎಕರೆಗೆ 8ರಿಂದ 10 ಲೀಟರ್ ಡೀಸೆಲ್ ತಗಲುತ್ತದೆ. 9 ಲೀಟರ್ ಎಂದು ಹಿಡಿದರೆ 324 ಮೆಗಾಜೂಲ್. ಇದನ್ನು ಎತ್ತಿನ 286ರ ಪಕ್ಕದಲ್ಲಿ ಇಟ್ಟು ಎತ್ತೇ ಮೇಲು ಎಂದು ಹೇಳುವುದುಂಟು. ಆದರೆ ಆಳ ಇಮ್ಮಡಿಯಾಗಿದೆ, ಬುಡದ ಗಟ್ಟಿ ಮಣ್ಣಿನ ತಡೆಯೂ ಹೆಚ್ಚಾಗಿದೆ. ಅಷ್ಟು ಆಳದ ಕೆಲಸಕ್ಕೆ ಒಂದು ಜೋಡಿ ಎತ್ತು ಸಾಲುವುದೇ ಇಲ್ಲ. ಹಿಂದೆ ಎರಡು ಮೂರು ಜೋಡಿಗಳನ್ನು ಕಟ್ಟಿಯೇ ದೊಡ್ಡ ಕಬ್ಬಿಣದ ನೇಗಿಲನ್ನು ಹೂಡಬೇಕಾಗುತ್ತಿತ್ತು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಎರೆ ಭೂಮಿಯನ್ನು ಹಿಂದಿನ ರೈತರು ಪ್ರತಿ ವರ್ಷ ಆಳವಾಗಿ ಉಳುತ್ತಿರಲಿಲ್ಲ. ಕೆಲವು ವರ್ಷಗಳಿಗೊಮ್ಮೆ ನೇಗಿಲು ಹೂಡಿ, ಉಳಿದ ವರ್ಷಗಳಲ್ಲಿ ಕುಂಟೆ ಹೊಡೆದು ಭೂಮಿಯನ್ನು ಸಿದ್ಧಪಡಿಸುತ್ತಿದ್ದರು. ಬೇಸಿಗೆಯಲ್ಲಿ ಎರೆ ಭೂಮಿ ತಾನೇ ಬಿರಿದು ಸಡಿಲಗೊಳ್ಳುವುದರಿಂದ ಆ ಪದ್ಧತಿಗೆ ಆಧಾರವಿತ್ತು. ಕಳೆ ವಿಪರೀತವಾಗದ ಹೊಲಕ್ಕೆ ಪ್ರತಿ ವರ್ಷವೂ ಪಲ್ಟಿ ಹೊಡೆಸುವುದು ಡೀಸೆಲ್‌ನ ಅಪವ್ಯಯವೇ ಸರಿ. ವಾಡಿ ಹಾಗೂ ಶಹಾಬಾದ ಸುತ್ತಮುತ್ತ ಫರಸಿ ಕಲ್ಲಿನ ಪದರವು ಮೇಲೆಯೇ ಇರುವ ತೆಳು ಭೂಮಿಗಳಲ್ಲಿಯಂತೂ ಪಲ್ಟಿ ನೇಗಿಲಿನ ಕುಳ ಮುರಿಯುವ ಸಂಭವವಿರುತ್ತದೆ. ಚಿಂಚೋಳಿಯ ಜಂಬಿಟ್ಟಿಗೆಯ ಕೆಂಪು ಭೂಮಿಗೆ ಮೇಲಿನ ಎರೆ ಭೂಮಿಯ ಅಂಕಿಗಳನ್ನು ನೇರವಾಗಿ ಅನ್ವಯಿಸಬಾರದು.

ವರ್ಷದ ಲೆಕ್ಕ: ಎಂಟು ಎಕರೆಯ ಉದಾಹರಣೆ

ಎಕರೆಯ ಲೆಕ್ಕಕ್ಕಿಂತ ವರ್ಷದ ಲೆಕ್ಕವೇ ನಿರ್ಣಾಯಕವಾದುದು. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಬಾಡಿಗೆ ಟ್ರ್ಯಾಕ್ಟರ್‌ನ ಡೀಸೆಲ್ ಚರ ವೆಚ್ಚ, ಎತ್ತಿನ ಮೇವು ಸ್ಥಿರ ವೆಚ್ಚ. ಸೇಡಂ ಭಾಗದ ಎಂಟು ಎಕರೆಯ ಖುಷ್ಕಿ ಹಿಡುವಳಿಯೊಂದನ್ನು ಊಹಿಸಿಕೊಳ್ಳಬಹುದು. ಒಂದು ಉಳುಮೆ, ಎರಡು ಮೂರು ಸಲ ಕುಂಟೆ, ಕೂರಿಗೆಯ ಬಿತ್ತನೆ, ಎಡೆಕುಂಟೆ ಮತ್ತು ಗೊಬ್ಬರ, ರಾಶಿ ಸಾಗಿಸುವ ಬಂಡಿ ಕೆಲಸ ಎಲ್ಲವೂ ಸೇರಿ ಜೋಡಿಗೆ ವರ್ಷದಲ್ಲಿ 60 ದಿನಗಳ ಕೆಲಸ ಸಿಗಬಹುದು. ಉಳಿದ 305 ದಿನ ಅದು ಕೊಟ್ಟಿಗೆಯಲ್ಲಿಯೇ ಇರುತ್ತದೆ.

ದಿನಕ್ಕೆ 90 ಮೆಗಾಜೂಲ್‌ನಂತೆ ವರ್ಷದ ನಿರ್ವಹಣೆಗೆ 32,850. ಕೆಲಸದ 60 ದಿನಗಳಿಗೆ ಹೆಚ್ಚುವರಿಯಾಗಿ ದಿನಕ್ಕೆ 53ರಂತೆ 3,180. ಒಟ್ಟು ಸುಮಾರು 36,000 ಮೆಗಾಜೂಲ್, ಅಂದರೆ 1,000 ಲೀಟರ್ ಡೀಸೆಲ್‌ಗೆ ಸಮ. ಇದೇ ಎಂಟು ಎಕರೆಯ ಉಳುಮೆ, ಕುಂಟೆ ಮತ್ತು ಬಿತ್ತನೆಯನ್ನು ಟ್ರ್ಯಾಕ್ಟರ್‌ನಿಂದ ಮಾಡಿಸಿದರೆ ಎಕರೆಗೆ 10 ಲೀಟರ್‌ನಂತೆ 80 ಲೀಟರ್ ಸಾಕಾಗುತ್ತದೆ. ಟ್ರ್ಯಾಕ್ಟರ್ ಮತ್ತು ಅದರ ಬಿಡಿಭಾಗಗಳನ್ನು ತಯಾರಿಸಲು ಕಾರ್ಖಾನೆಯಲ್ಲಿ ತಗಲಿದ ಶಕ್ತಿಯ ಪಾಲನ್ನು ಸೇರಿಸಿದರೂ ಈ ಅಂತರ ಮುಚ್ಚುವುದಿಲ್ಲ.

ಆದರೆ ಇಷ್ಟಕ್ಕೇ ಎತ್ತು ದುಬಾರಿ ಎಂದು ತೀರ್ಮಾನಿಸಲಾಗದು. ಆ 36,000 ಮೆಗಾಜೂಲ್ ಬರುವುದು ಸುಮಾರು 5 ಟನ್ ಒಣ ಮೇವಿನಿಂದ. ಕಣಿಕೆಯನ್ನು ಮನುಷ್ಯರು ತಿನ್ನುವಂತಿಲ್ಲ, ಟ್ರ್ಯಾಕ್ಟರ್‌ಗೂ ಹಾಕುವಂತಿಲ್ಲ. ಹೆಚ್ಚುಕಡಿಮೆ ಅದರ ಅರ್ಧ ತೂಕವು ಗೊಬ್ಬರವಾಗಿ ಹೊಲಕ್ಕೆ ಮರಳುತ್ತದೆ. ಸ್ವಂತ ಹೊಲದ ಕಣಿಕೆ ಸಾಲುವವರೆಗೆ ಜೋಡಿಯ ಇಂಧನವು ಕೈಯಿಂದ ಹಣ ಹೋಗದ ಇಂಧನವಾಗಿರುತ್ತದೆ.

ತೊಡಕು ಇರುವುದು ಆ ಸಾಲುವಿಕೆಯಲ್ಲಿಯೇ. ಖುಷ್ಕಿ ಜೋಳದ ಒಂದು ಎಕರೆಯಿಂದ ಸಾಧಾರಣ ವರ್ಷದಲ್ಲಿ ಒಂದರಿಂದ ಒಂದೂವರೆ ಟನ್ ಕಣಿಕೆ ಬರುತ್ತದೆ. ಹಾಗಾದರೆ ಒಂದು ಜೋಡಿಗೆ ಮೂರೂವರೆಯಿಂದ ಐದು ಎಕರೆ ಜೋಳ ಬೇಕು. 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ತೊಗರಿ ಈ ತಾಲೂಕುಗಳ ಮುಖ್ಯ ಬೆಳೆ. ತೊಗರಿಯ ಕಟ್ಟಿಗೆ ಒಲೆಗೆ ಹೋಗುತ್ತದೆ, ಎತ್ತಿಗೆ ಸಿಗುವುದು ಎಲೆ ಮತ್ತು ಹೊಟ್ಟು ಮಾತ್ರ. ಎಂಟರಲ್ಲಿ ಆರು ಎಕರೆ ತೊಗರಿ, ಎರಡು ಎಕರೆ ಜೋಳ ಇದ್ದಲ್ಲಿ ಮೇವಿನ ಅರ್ಧದಷ್ಟನ್ನು ಬೇರೆ ಕಡೆಯಿಂದ ತರಬೇಕಾಗುತ್ತದೆ. ಬರಗಾಲದ ವರ್ಷದಲ್ಲಿ ಕೊಳ್ಳಲು ಸಹ ಕಣಿಕೆ ಸಿಗದೆ ಜೋಡಿ ಮಾರುವ ಪ್ರಸಂಗ ಬರುತ್ತದೆ. ಟ್ರ್ಯಾಕ್ಟರ್ ಬಂದದ್ದರಿಂದ ಎತ್ತು ಹೋಯಿತು ಎನ್ನುವುದಕ್ಕಿಂತ, ಜೋಳ ಕಡಿಮೆಯಾದ ಹೊಲದಲ್ಲಿ ಎತ್ತಿನ ಇಂಧನವೇ ಬೆಳೆಯುವುದಿಲ್ಲ ಎನ್ನುವುದು ಹೆಚ್ಚು ಸರಿಯಾದೀತು.

ಇಷ್ಟಾದರೂ ಬೆಳೆದು ನಿಂತ ತೊಗರಿಯ ಸಾಲಿನೊಳಗೆ ಎಡೆಕುಂಟೆ ಹೊಡೆಯಲು ದೊಡ್ಡ ಟ್ರ್ಯಾಕ್ಟರ್ ಒಳಗೆ ಹೋಗುವಂತಿಲ್ಲ. ಈ ಕೆಲಸಕ್ಕೆ ಜೋಡಿಗೆ ಬೇಡಿಕೆ ಇದ್ದೇ ಇದೆ. ಎರಡು ಮೂರು ಹಿಡುವಳಿಗಳು ಸೇರಿ ಒಂದೇ ಜೋಡಿಯನ್ನು ವರ್ಷಕ್ಕೆ 120 ದಿನ ದುಡಿಸಿದಲ್ಲಿ ಕೆಲಸದ ದಿನವೊಂದಕ್ಕೆ ಬೀಳುವ ಮೇವಿನ ಶಕ್ತಿಯು 600 ಮೆಗಾಜೂಲ್‌ನಿಂದ ಸುಮಾರು 330ಕ್ಕೆ ಇಳಿಯುತ್ತದೆ.

ಡೀಸೆಲ್ ಬಳಕೆಯನ್ನು ಅಳೆಯುವ ಕ್ರಮ

ತಮ್ಮ ಹೊಲದ ನಿಜವಾದ ಅಂಕಿಯನ್ನು ರೈತರು ಸ್ವತಃ ಕಂಡುಕೊಳ್ಳಬಹುದಾಗಿದೆ. ಟ್ರ್ಯಾಕ್ಟರ್ ಅನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಟ್ಯಾಂಕನ್ನು ಬಾಯಿಮಟ್ಟಕ್ಕೆ ತುಂಬಬೇಕು. ಅಳೆದು ಗುರುತಿಸಿದ 40 ಗುಂಟೆಯನ್ನು ಹೊಡೆದು ಅದೇ ಜಾಗಕ್ಕೆ ತಂದು ನಿಲ್ಲಿಸಿ, ಅಳತೆಯ ಪಾತ್ರೆಯಿಂದ ಮತ್ತೆ ಬಾಯಿಮಟ್ಟಕ್ಕೆ ತುಂಬಿದಾಗ ಹಿಡಿದ ಡೀಸೆಲ್ಲೇ ಆ ಎಕರೆಯ ಬಳಕೆ. ಕೆಲಸದ ಆಳವನ್ನು ನಾಲ್ಕೈದು ಕಡೆ ಕೋಲಿಳಿಸಿ ನೋಡಿ ಬರೆದಿಡದಿದ್ದರೆ ಈ ಅಂಕಿಗೆ ಅರ್ಥವಿರುವುದಿಲ್ಲ.

ಕಲ್ಟಿವೇಟರ್‌ಗೆ 3ರ ಬದಲು 5 ಲೀಟರ್ ಬಂದಲ್ಲಿ ಮೊದಲು ಗಾಲಿಯ ಜಾರುವಿಕೆಯನ್ನು ಪರಿಶೀಲಿಸಬೇಕು. ಹಿಂದಿನ ಗಾಲಿಗೆ ಸುಣ್ಣದ ಗುರುತು ಹಾಕಿ, ಹತ್ತು ಸುತ್ತಿಗೆ ಟ್ರ್ಯಾಕ್ಟರ್ ಎಷ್ಟು ದೂರ ಸಾಗಿತು ಎಂಬುದನ್ನು ಕಲ್ಟಿವೇಟರ್ ಎತ್ತಿಕೊಂಡು ಒಮ್ಮೆ, ಮಣ್ಣಿಗೆ ಇಳಿಸಿ ಒಮ್ಮೆ ಅದೇ ಹೊಲದಲ್ಲಿ ಅಳೆಯಬೇಕು. ಎತ್ತಿಕೊಂಡಾಗ 40 ಮೀಟರ್ ಹೋದದ್ದು ಇಳಿಸಿದಾಗ 35 ಮೀಟರ್ ಹೋದರೆ ಜಾರುವಿಕೆ ಶೇಕಡ 12ರಷ್ಟಾಗಿದ್ದು, ಚಿಂತೆಯಿಲ್ಲ. 28 ಮೀಟರ್ ಮಾತ್ರ ಹೋದರೆ ಶೇಕಡ 30ರಷ್ಟು ಡೀಸೆಲ್ ಗಾಲಿಯನ್ನು ಇದ್ದಲ್ಲಿಯೇ ತಿರುಗಿಸುವುದರಲ್ಲಿ ಹೋಗುತ್ತಿದೆ ಎಂದು ತಿಳಿಯಬೇಕು. ಇದಕ್ಕೆ ಸವೆದ ಟೈರು ಅಥವಾ ಹಸಿ ಭೂಮಿ ಕಾರಣವಾಗಿರುತ್ತದೆ. ಮಗುಚಿದ ಹೆಂಟೆಯ ಮೈ ಎಣ್ಣೆ ಸವರಿದಂತೆ ಹೊಳೆಯುತ್ತಿದ್ದರೆ ಭೂಮಿ ಇನ್ನೂ ಹಸಿಯಾಗಿದೆ. ಮುಷ್ಟಿಯಲ್ಲಿ ಹಿಡಿದ ಮಣ್ಣು ಅಂಟದೆ, ಬೆರಳಿನಿಂದ ಒತ್ತಿದೊಡನೆ ಒಡೆದು ಉದುರುವವರೆಗೆ ಕಾಯ್ದು ನಂತರ ಹೊಡೆಸತಕ್ಕದ್ದು.