ಪ್ರಾಂಶುಪಾಲರ ಬೀಳ್ಕೊಡುಗೆ ಭಾಷಣ: ಒಂದು ಇಂಗ್ಲಿಷ್ ಪ್ರತಿ, ಒಂದು ಕನ್ನಡ ಪ್ರತಿ

ಸುವರ್ಣ ಮಹೋತ್ಸವ ಸಮಿತಿಯವರು ಶಾಲೆಯ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಕೊಡುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ಹಾಜರಿ ಪುಸ್ತಕ, ವರ್ಗಾವಣೆ ಪತ್ರಗಳ ಪ್ರತಿ, ದಾಸ್ತಾನು ಪುಸ್ತಕಗಳ ನಡುವೆ ಟ್ಯಾಗು ಕಟ್ಟಿದ ಒಂದು ತೆಳು ಕಡತ ಸಿಕ್ಕಿತು. ಅದರಲ್ಲಿ ಎರಡು ಬರಹಗಳಿದ್ದವು. ಒಂದು, ಇಂಗ್ಲಿಷಿನಲ್ಲಿ ಟೈಪು ಮಾಡಿದ ನಾಲ್ಕು ಹಾಳೆ. ಇನ್ನೊಂದು, ನೀಲಿ ಶಾಯಿಯಲ್ಲಿ ಕನ್ನಡದಲ್ಲಿ ಬರೆದ ಆರು ಹಾಳೆ, ತುಂಬಾ ಹೊಡೆದು ತಿದ್ದಿದ್ದು. ಎರಡರ ಮೇಲೂ ಒಂದೇ ದಿನಾಂಕವಿತ್ತು: 31 ಆಗಸ್ಟ್ 1985. ನಮ್ಮ ಶಾಲೆಯಲ್ಲಿ ಏಳು ವರ್ಷ ಮುಖ್ಯಸ್ಥರಾಗಿದ್ದ ಪ್ರಾಂಶುಪಾಲರು ವಯೋನಿವೃತ್ತಿ ಹೊಂದಿದ ದಿನ ಅದು.

ಆ ಭಾಷಣವನ್ನು ಬರೆದವರು ಆಗಿನ ಇಂಗ್ಲಿಷ್ ಉಪನ್ಯಾಸಕರು. ಅವರು ಈಗ ಇಲ್ಲ. ಕನ್ನಡಕ್ಕೆ ತಂದು ಓದಿದವರು ಕನ್ನಡ ಮೇಷ್ಟ್ರು. ಅವರಿಗೆ ಈಗ ಎಂಬತ್ತರ ಸಮೀಪ. ಎರಡು ಭಾನುವಾರ ಅವರ ಮನೆಗೆ ಹೋಗಿ, ಹಾಳೆಗಳನ್ನು ಮುಂದಿಟ್ಟುಕೊಂಡು ಮಾತಾಡಿದೆ. ನನ್ನ ಕೆಲಸ ಸಾಫ್ಟ್‌ವೇರ್. ಒಂದೇ ಕಡತದ ಎರಡು ಆವೃತ್ತಿಗಳನ್ನು ಸಾಲು ಸಾಲಾಗಿ ಹೋಲಿಸಿ, ಎಲ್ಲಿ ಏನು ಬದಲಾಯಿತು, ಏಕೆ ಬದಲಾಯಿತು ಎಂದು ನೋಡುವುದು ನನಗೆ ದಿನದ ಅಭ್ಯಾಸ. ಈ ಲೇಖನದಲ್ಲಿ ಮಾಡಿರುವುದೂ ಅದನ್ನೇ.

ಮೊದಲನೆಯದಾಗಿ, ಕನ್ನಡ ಶಾಲೆಯೊಂದರಲ್ಲಿ ಬೀಳ್ಕೊಡುಗೆ ಭಾಷಣ ಇಂಗ್ಲಿಷಿನಲ್ಲಿ ಏಕೆ ಹುಟ್ಟಿತು? ಕನ್ನಡವನ್ನು ಆಡಳಿತ ಭಾಷೆಯಾಗಿಸುವ ಕಾನೂನು 1963ರಲ್ಲೇ ಬಂದಿತ್ತು. ಆದರೆ ನಮ್ಮ ಕಚೇರಿಯಲ್ಲಿದ್ದದ್ದು ಒಂದೇ ಟೈಪ್‌ರೈಟರ್, ಅದೂ ಇಂಗ್ಲಿಷಿನದು. ಕಾರ್ಬನ್ ಹಾಕಿ ಒಂದು ಪ್ರತಿ ನಿವೃತ್ತರಾಗುವವರಿಗೆ, ಒಂದು ಪ್ರತಿ ಇಲಾಖೆಗೆ, ಒಂದು ಪ್ರತಿ ಕಡತಕ್ಕೆ ಎಂಬುದು ರೂಢಿ. ಸಿಬ್ಬಂದಿ ಕೊಠಡಿಯಲ್ಲಿ ಚಹಾ ಕುಡಿಸಿ ಅದನ್ನು ಓದಿ ಮುಗಿಸುವುದು ಮೊದಲಿನ ಏರ್ಪಾಡಾಗಿತ್ತು. ಆದರೆ ಊರಿನವರು ಸಭೆ ಬಯಲಿನಲ್ಲೇ ಆಗಬೇಕೆಂದರು. ಆ ದಿನ ಶನಿವಾರ, ನಮ್ಮೂರಿನ ಸಂತೆ. ಸುತ್ತಲ ಹಳ್ಳಿಗಳಿಂದ ಬಂದವರೂ ನಿಂತು ಕೇಳುವವರಿದ್ದರು. ಗೋಕಾಕ್ ಸಮಿತಿ 1981ರಲ್ಲಿ ವರದಿ ಕೊಟ್ಟು, 1982ರಲ್ಲಿ ಅದರ ಜಾರಿಗಾಗಿ ಚಳವಳಿ ನಡೆದು ಇನ್ನೂ ಮೂರೇ ವರ್ಷ. ಅಂಥ ಸಭೆಯಲ್ಲಿ ಇಂಗ್ಲಿಷ್ ಓದಿದರೆ ಯಾರೂ ಕೂರುವುದಿಲ್ಲವೆಂದು ಹಾಳೆಗಳು ಕನ್ನಡ ಮೇಷ್ಟ್ರ ಕೈಗೆ ಬಂದವು. ಅವರಿಗೆ ಸಿಕ್ಕಿದ್ದು ಎರಡು ರಾತ್ರಿ.

ಮೇಷ್ಟ್ರು ಮೊದಲು ತೊಡಕಿಗೆ ಬಿದ್ದದ್ದು ಶೀರ್ಷಿಕೆಯಲ್ಲೇ. ಪ್ರಿನ್ಸಿಪಾಲ್ ಎಂಬುದಕ್ಕೆ 'ಪ್ರಾಚಾರ್ಯ' ಎಂದು ಬರೆದು ಹೊಡೆದಿದ್ದಾರೆ. 'ಪ್ರಾಂಶುಪಾಲ' ಎಂದು ಬರೆದಿದ್ದಾರೆ. ಪ್ರಾಂಶು ಎಂದರೆ ಸಂಸ್ಕೃತದಲ್ಲಿ ಎತ್ತರದವನು. ಇಂಗ್ಲಿಷ್ ಪದದ ಸದ್ದಿಗೆ ಹತ್ತಿರವಾಗಿರುವುದರಿಂದ ಆ ಪದ ನಮ್ಮಲ್ಲಿ ನಿಂತುಬಿಟ್ಟಿದೆ. ಶೀರ್ಷಿಕೆಯಲ್ಲಿ ಅದನ್ನೇ ಉಳಿಸಿಕೊಂಡು, ಒಳಗೆಲ್ಲ 'ಪ್ರಿನ್ಸಿಪಾಲರು' ಎಂದೇ ಬರೆದಿದ್ದಾರೆ. "ಊರಿನಲ್ಲಿ ಅವರನ್ನು ಪ್ರಾಂಶುಪಾಲರು ಅಂತ ಕರೆದವರು ಒಬ್ಬರೂ ಇರಲಿಲ್ಲವಪ್ಪ. ಯಾರ ವಿಷಯ ಅಂತ ಜನಕ್ಕೆ ತಿಳಿಯಬೇಕಲ್ಲ" ಎಂದರು.

ಎರಡನೆಯ ತೊಡಕು ನಗು ತರಿಸುವಂಥದ್ದು. ಇವರ ನಿರ್ಗಮನದಿಂದ ಶಾಲೆಗೆ 'ಇರ್ರಿಪೇರಬಲ್ ಲಾಸ್' ಎಂದು ಇಂಗ್ಲಿಷಿನಲ್ಲಿದೆ. ಮೇಷ್ಟ್ರು 'ತುಂಬಲಾರದ ನಷ್ಟ' ಎಂದು ಬರೆದು, ಮರುಕ್ಷಣವೇ ಹೊಡೆದಿರಬೇಕು, ಶಾಯಿ ಇನ್ನೂ ಹಸಿಯಿದ್ದಾಗಲೇ ಗೆರೆ ಹರಡಿದೆ. ಆ ಮಾತನ್ನು ನಾವು ಪತ್ರಿಕೆಯಲ್ಲಿ ಓದುವುದು ಯಾರಾದರೂ ತೀರಿಕೊಂಡಾಗ. ಎದುರಿಗೆ ಹಾರ ಹಾಕಿಸಿಕೊಂಡು ಕುಳಿತವರ ಬಗ್ಗೆ ಅದನ್ನು ಓದಿದರೆ ಸಭೆ ಸಂತಾಪ ಸಭೆಯಾಗುತ್ತದೆ. ಶಬ್ದಕೋಶದ ಪ್ರಕಾರ ಅನುವಾದ ಸರಿ, ಸಂದರ್ಭದ ಪ್ರಕಾರ ತಪ್ಪು. ಕೊನೆಗೆ ಅವರು ಬರೆದದ್ದು ಇಷ್ಟೇ: "ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗ ಆ ಜಾಗದಲ್ಲಿ ಇವರು ಇರುವುದಿಲ್ಲ."

ಇನ್ನು ವಾಕ್ಯಗಳ ಉದ್ದ. ಇಂಗ್ಲಿಷಿನ ಎರಡನೆಯ ಪ್ಯಾರಾ ಪೂರ್ತಿ ಒಂದೇ ವಾಕ್ಯ. ಇವರು ಬಂದರು ಎಂದು ಮೊದಲೇ ಹೇಳಿ, ಎಲ್ಲಿಂದ, ಯಾವಾಗ, ಎಂಥ ಸ್ಥಿತಿಯಲ್ಲಿದ್ದ ಶಾಲೆಗೆ ಎಂಬುದನ್ನೆಲ್ಲ ಹಿಂದೆ ಜೋಡಿಸುತ್ತಾ ಹೋಗುತ್ತದೆ. ಕನ್ನಡದಲ್ಲಿ ವಿವರಣೆಗಳೆಲ್ಲ ಮುಂದೆ ಬಂದು ಕ್ರಿಯಾಪದ ಕಡೆಗೆ ಬರುತ್ತದೆ. ಅದನ್ನು ಹಾಗೆಯೇ ತಿರುಗಿಸಿದರೆ, ಯಾರು ಏನು ಮಾಡಿದರು ಎಂದು ತಿಳಿಯಲು ಕೇಳುವವನು ಪ್ಯಾರಾ ಮುಗಿಯುವವರೆಗೆ ಕಾಯಬೇಕು. ಓದುವವನು ಹಿಂದಕ್ಕೆ ಹೋಗಿ ನೋಡಬಹುದು, ಕೇಳುವವನಿಗೆ ಆ ಸೌಕರ್ಯವಿಲ್ಲ. ಮೇಷ್ಟ್ರು ಆ ಒಂದು ವಾಕ್ಯವನ್ನು ಏಳು ಮಾಡಿದ್ದಾರೆ. ನಾಲ್ಕು ಹಾಳೆ ಆರು ಆಗಿರುವುದಕ್ಕೆ ಅದೂ ಒಂದು ಕಾರಣ.

ಈಗ ಈ ಕಡತದ ಮುಖ್ಯವಾದ ಜಾಗಕ್ಕೆ ಬರುತ್ತೇನೆ. ಇಂಗ್ಲಿಷಿನ ಮೂರನೆಯ ಹಾಳೆಯಲ್ಲಿ ಒಂದು ವಾಕ್ಯವಿದೆ. ಅದನ್ನು ಮೇಷ್ಟ್ರು ಮೊದಲ ಸಲ ಪದಕ್ಕೆ ಪದ ಹೀಗೆ ಇಳಿಸಿದ್ದಾರೆ: "ಪರೀಕ್ಷೆಗಳ ಘನತೆಯನ್ನು ಕಾಪಾಡುವ ಸಲುವಾಗಿ ಕೆಲವು ಅಪ್ರಿಯ ನಿರ್ಧಾರಗಳು ಕೈಗೊಳ್ಳಲ್ಪಟ್ಟವು ಮತ್ತು ಅವು ಕೆಲವು ವಲಯಗಳಲ್ಲಿ ತಪ್ಪಾಗಿ ಅರ್ಥೈಸಲ್ಪಟ್ಟವು." ಇದರಲ್ಲಿ ಏನೋ ನಡೆದಿದೆ, ಆದರೆ ಮಾಡಿದವರು ಯಾರೂ ಇಲ್ಲ. ಇಂಗ್ಲಿಷಿನಲ್ಲಿ ಹಾಗೆ ಬರೆಯುವುದು ಸಹಜ, ಸಭ್ಯತೆಯೂ ಹೌದು. ಕನ್ನಡದಲ್ಲಿ 'ಅಲ್ಪಟ್ಟಿತು' ಎಂಬ ರೂಪ ವ್ಯಾಕರಣದಲ್ಲಿ ಇದೆ, ಸರ್ಕಾರಿ ಪತ್ರದಲ್ಲಿ ಇದೆ. ಮಾತಿನಲ್ಲಿ ಇಲ್ಲ. ಸಂತೆಯಲ್ಲಿ ಯಾರೂ 'ರಾಗಿ ಮಾರಲ್ಪಟ್ಟಿತು' ಎನ್ನುವುದಿಲ್ಲ. ಬಾಯಿಮಾತಿನ ಕನ್ನಡಕ್ಕೆ ತರಬೇಕಾದರೆ ಮಾಡಿದವರು ಯಾರೆಂದು ಹೇಳಲೇಬೇಕು.

ನಡೆದದ್ದು ಏನು? 1980ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನಮ್ಮ ಶಾಲೆಯೇ ಕೇಂದ್ರ, ಪ್ರಿನ್ಸಿಪಾಲರೇ ಮುಖ್ಯ ಅಧೀಕ್ಷಕರು. ಅದಕ್ಕೆ ಹಿಂದೆ ಕಿಟಕಿಯ ಹೊರಗೆ ಜನ ನಿಂತು ಚೀಟಿ ಒಳಗೆ ಎಸೆಯುವುದು ಮಾಮೂಲಾಗಿತ್ತು. ಆ ವರ್ಷ ಇವರು ಕಾಂಪೌಂಡಿನೊಳಕ್ಕೆ ಯಾರನ್ನೂ ಬಿಡಲಿಲ್ಲ. ಕಿಟಕಿಯ ಕಡೆಯ ಬೆಂಚುಗಳನ್ನು ಒಳಕ್ಕೆ ಎಳೆಸಿದರು. ಫಲಿತಾಂಶ ಬಂದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳು ಫೇಲಾಗಿದ್ದರು. ಊರಿನವರು ಅವರನ್ನು ವರ್ಗ ಮಾಡಿಸಲು ಅರ್ಜಿ ಬರೆದರು. ಫೇಲಾದವರಲ್ಲಿ ನನ್ನ ತಂದೆಯೂ ಒಬ್ಬರು. ಗಣಿತದಲ್ಲಿ ಪಾಸಾಗಲು 35 ಬೇಕಿತ್ತು, ಅವರಿಗೆ ಬಂದದ್ದು 22.

ಆ ಅರ್ಜಿಗೆ ಸಹಿ ಹಾಕಿದವರಲ್ಲಿ ಹಲವರು ಬೀಳ್ಕೊಡುಗೆಯ ದಿನ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆಂದು ಮೇಷ್ಟ್ರಿಗೆ ಗೊತ್ತಿತ್ತು. ಕನ್ನಡ ಹಾಳೆಯಲ್ಲಿ ಆ ಜಾಗದಲ್ಲಿ ಮೂರು ಪ್ರಯತ್ನಗಳಿವೆ. ಮೊದಲನೆಯದು ಮೇಲೆ ಹೇಳಿದ್ದು. ಎರಡನೆಯದು: "ಊರಿನ ಕೆಲವರು ಅವರನ್ನು ತಪ್ಪು ತಿಳಿದರು." ಅದನ್ನೂ ಹೊಡೆದಿದ್ದಾರೆ. ಮೂರನೆಯದು ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ: "ಆ ವರ್ಷ ಪ್ರಿನ್ಸಿಪಾಲರು ಕಾಪಿ ಹೊಡೆಯಲು ಬಿಡಲಿಲ್ಲ. ನಮ್ಮ ಮಕ್ಕಳು ಫೇಲಾದರು. ನಾವು ಅವರನ್ನು ಬೈದೆವು. ವರ್ಗ ಮಾಡಿಸಲು ಅರ್ಜಿ ಬರೆದೆವು. ಅವರು ನಮ್ಮ ಮಕ್ಕಳನ್ನು ಮನೆಮನೆಗೆ ಬಂದು ಕರೆದುಕೊಂಡು ಹೋಗಿ ಸಂಜೆ ಪಾಠ ಹೇಳಿದರು."

'ಕೆಲವರು' ಎಂಬುದನ್ನು ಏಕೆ ಹೊಡೆದಿರಿ ಎಂದು ಕೇಳಿದೆ. "ಕೆಲವರು ಅಂದರೆ ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಬೆರಳು ತೋರಿಸಿದ ಹಾಗಾಗುತ್ತಿತ್ತು. ನಾವು ಅಂದರೆ ನಾನೂ ಸೇರಿದೆ. ನಾನೂ ಆಗ ಅವರ ಬೆನ್ನಿಗೆ ನಿಂತಿರಲಿಲ್ಲ" ಎಂದರು. ಇಂಗ್ಲಿಷಿನಲ್ಲಿ ಯಾರೂ ಮಾಡದ ಕೆಲಸ ಕನ್ನಡದಲ್ಲಿ ಎಲ್ಲರೂ ಮಾಡಿದ್ದಾಯಿತು. ಸಂಜೆಯ ಪಾಠದ ಮಾತೂ ಹಾಗೆಯೇ. 'ಅನುತ್ತೀರ್ಣ ಅಭ್ಯರ್ಥಿಗಳಿಗೆ ಪೂರಕ ಬೋಧನೆಯ ವ್ಯವಸ್ಥೆ' ಎಂಬರ್ಥದ ಇಂಗ್ಲಿಷ್ ಮಾತು ಕನ್ನಡದಲ್ಲಿ ಮನೆ ಬಾಗಿಲಿಗೆ ಬಂದು ನಿಂತಿತು.

ಆ ದಿನ ನನ್ನ ತಂದೆ ಸಂತೆಗೆ ಮೆಣಸಿನಕಾಯಿ ತಂದಿದ್ದರು. ಚೀಲವನ್ನು ಪಕ್ಕದವರಿಗೆ ಒಪ್ಪಿಸಿ ಬಂದು ಬೇಲಿಯ ಹೊರಗೆ ನಿಂತು ಕೇಳಿದರಂತೆ. "ಅರ್ಜಿ ಬರೆದೆವು ಅಂತ ಮೇಷ್ಟ್ರು ಓದಿದಾಗ ಸಭೆಯಲ್ಲಿ ಒಂದು ಸದ್ದಿಲ್ಲ ಕಣೋ. ನಿಮ್ಮ ತಾತ ಹೆಬ್ಬೆಟ್ಟು ಒತ್ತಿದ್ದರು ಅದಕ್ಕೆ" ಎಂದು ನನಗೆ ಈಗ ಹೇಳಿದರು, ಇಷ್ಟು ವರ್ಷದ ಮೇಲೆ. ತಂದೆ ಆ ಸಂಜೆ ಪಾಠಕ್ಕೆ ಹೋಗಿ, ಮತ್ತೆ ಪರೀಕ್ಷೆ ಕಟ್ಟಿ, ಪಾಸಾದವರು.

ಕನ್ನಡ ಪ್ರತಿಯೇ ಪೂರ್ತಿ ಸತ್ಯ, ಇಂಗ್ಲಿಷ್ ಪ್ರತಿ ಬರೀ ಔಪಚಾರಿಕ ಎಂದು ಇದರಿಂದ ತಿಳಿಯಬಾರದು. ಇಂಗ್ಲಿಷಿನಲ್ಲಿರುವ ಒಂದು ಸಾಲು ಕನ್ನಡದಲ್ಲಿ ಇಲ್ಲವೇ ಇಲ್ಲ. ಸಿಬ್ಬಂದಿಯೊಳಗೇ ಇವರ ಬಗ್ಗೆ ಭಿನ್ನಾಭಿಪ್ರಾಯಗಳಿದ್ದವು, ರಜೆಯ ವಿಷಯದಲ್ಲಿ ಇವರು ಎಲ್ಲರಿಗೂ ಒಂದೇ ಅಳತೆ ಇಡಲಿಲ್ಲವೆಂದು ಕೆಲವರು ನೊಂದಿದ್ದರು ಎಂದು ಆ ಸಾಲು ಮೃದುವಾಗಿ ಹೇಳುತ್ತದೆ. ಸಿಬ್ಬಂದಿ ಕೊಠಡಿಗೆಂದು ಬರೆದ ಮಾತು ಅದು. ಅದನ್ನು ಬಿಟ್ಟದ್ದು ಏಕೆಂದರೆ ಮೇಷ್ಟ್ರು, "ಊರಿನ ತಪ್ಪನ್ನು ಊರಿನ ಮುಂದೆ ಹೇಳಬಹುದು. ನಮ್ಮ ಮನೆಯ ಜಗಳ ಸಂತೆಗೆ ಯಾಕೆ?" ಎಂದರು. ಹಾಗಾಗಿ ಕನ್ನಡ ಹಾಳೆಯೊಂದೇ ಉಳಿದಿದ್ದರೆ ಪ್ರಿನ್ಸಿಪಾಲರು ದೋಷವಿಲ್ಲದವರಾಗುತ್ತಿದ್ದರು. ಇಂಗ್ಲಿಷ್ ಹಾಳೆಯೊಂದೇ ಉಳಿದಿದ್ದರೆ ಊರು ದೋಷವಿಲ್ಲದ್ದಾಗುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಮಾತ್ರ 1980ರಲ್ಲಿ ನಮ್ಮ ಶಾಲೆಯಲ್ಲಿ ನಡೆದದ್ದು ತಿಳಿಯುತ್ತದೆ.

ಕೊನೆಯ ಸಾಲಿನಲ್ಲಿ ಇಂಗ್ಲಿಷ್ ಪ್ರತಿ ಎಲ್ಲ ಬೀಳ್ಕೊಡುಗೆ ಭಾಷಣಗಳಂತೆ ಸುಖದ ನಿವೃತ್ತ ಜೀವನವನ್ನು ಹಾರೈಸಿ ಮುಗಿಯುತ್ತದೆ. ಕನ್ನಡದ ಬೀಳ್ಕೊಡು ಎಂಬ ಪದ ಹಳಗನ್ನಡದಿಂದ ಬಂದದ್ದು. ಹೊರಡುವವನು ಬೀಳ್ಕೊಳ್ಳುತ್ತಾನೆ, ಅಂದರೆ ಅಪ್ಪಣೆ ಪಡೆಯುತ್ತಾನೆ. ಉಳಿಯುವವರು ಬೀಳ್ಕೊಡುತ್ತಾರೆ, ಅಂದರೆ ಅಪ್ಪಣೆ ಕೊಡುತ್ತಾರೆ. ಮೇಷ್ಟ್ರು ಅದನ್ನೇ ಹಿಡಿದು ಮುಗಿಸಿದ್ದಾರೆ: "ಐದು ವರ್ಷದ ಹಿಂದೆ ಇವರು ಕೇಳದೆಯೇ ಕಳಿಸಲು ಹೊರಟಿದ್ದೆವು. ಈ ದಿನ ಇವರು ಕೇಳುತ್ತಿದ್ದಾರೆ, ನಮಗೆ ಕಳಿಸಲು ಮನಸ್ಸಿಲ್ಲ."

ಎರಡೂ ಪ್ರತಿಗಳ ಮೂಲವನ್ನು ಶಾಲೆಯ ಕಚೇರಿಗೆ ಹಿಂದಿರುಗಿಸಿದ್ದೇನೆ. ಟ್ಯಾಗು ಹಳೆಯದಾಗಿತ್ತು, ಬದಲಾಯಿಸಿ ಎರಡನ್ನೂ ಒಂದೇ ಕಡತದಲ್ಲಿ ಕಟ್ಟಿಸಿದ್ದೇನೆ. ಮುಂದೆ ಯಾರಾದರೂ ಶಾಲೆಯ ಚರಿತ್ರೆ ಬರೆಯುವಾಗ ಅವನ್ನು ಬೇರೆ ಮಾಡದಿರಲಿ ಎಂದು ಕೋರುತ್ತೇನೆ.