ದಾಲ್ ಮಿಲ್ ಕೃಷಿಯೋ, ಕಾರ್ಖಾನೆಯೋ? ಒಂದು ಕಂಪನಿ ಯಾವ ವಲಯಕ್ಕೆ ಸೇರುತ್ತದೆ ಎಂದು ತಿಳಿಯುವುದು ಹೇಗೆ

ಹೆಸರಿನಲ್ಲಿ ‘ಆಗ್ರೋ’ ಎಂದಿದ್ದರೆ ಅದು ಕೃಷಿ ಕಂಪನಿ ಎಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. ವಲಯವನ್ನು ನಿರ್ಧರಿಸುವುದು ಕಂಪನಿಯ ಹೆಸರಲ್ಲ, ಅಲ್ಲಿ ನಡೆಯುವ ಕೆಲಸ.

ಬೀದರ್ ಜಿಲ್ಲೆಯ ಹುಮನಾಬಾದ್‌ ಕಡೆಯ ತೊಗರಿಯನ್ನೇ ನೋಡೋಣ. ಹೊಲದಲ್ಲಿ ತೊಗರಿ ಬೆಳೆಯುವುದು ಪ್ರಾಥಮಿಕ ವಲಯ. ಬಾಡಿಗೆ ಯಂತ್ರ ತಂದು ರಾಶಿ ಮಾಡಿಕೊಡುವವರ ಕೆಲಸ ಸೇವೆಯಂತೆ ಕಂಡರೂ, ಸರ್ಕಾರಿ ವರ್ಗೀಕರಣದಲ್ಲಿ ಅದು ಕೃಷಿಯ ಜೊತೆಗೇ ಸೇರುತ್ತದೆ. ಏಕೆಂದರೆ ರಾಶಿಯಾದ ಮೇಲೂ ತೊಗರಿ ತೊಗರಿಯಾಗಿಯೇ ಉಳಿಯುತ್ತದೆ. ದಾಲ್ ಮಿಲ್‌ನಲ್ಲಿ ಹಾಗಲ್ಲ. ಅಲ್ಲಿ ಕಾಳನ್ನು ಒಣಗಿಸಿ, ಸಿಪ್ಪೆ ತೆಗೆದು, ಎರಡಾಗಿ ಒಡೆದು ಬೇಳೆ ಮಾಡುತ್ತಾರೆ. ವಸ್ತುವೇ ಬದಲಾಯಿತು, ಆದ್ದರಿಂದ ಇದು ತಯಾರಿಕೆ. ತೊಗರಿ ರೈತನದ್ದೇ ಆಗಿದ್ದು, ಮಿಲ್‌ನವರು ಬರೀ ಕೂಲಿಗೆ ಒಡೆದುಕೊಟ್ಟರೂ ಉತ್ತರ ಬದಲಾಗುವುದಿಲ್ಲ. ಅದೇ ತೊಗರಿಯನ್ನು ಮಾರಿಸಿಕೊಡುವ ಅಡತ್ ಅಂಗಡಿ, ಹೈದರಾಬಾದಿಗೆ ಸಾಗಿಸುವ ಲಾರಿ ಇವೆರಡೂ ಸೇವಾ ವಲಯ.

ಗೊಂದಲ ಹೆಚ್ಚಾಗುವುದು ಒಂದೇ ಶೆಡ್‌ನಲ್ಲಿ ಎರಡು ಕೆಲಸ ನಡೆದಾಗ. ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಬಸವಕಲ್ಯಾಣದಲ್ಲಿ ಒಂದು ವೆಲ್ಡಿಂಗ್ ಶೆಡ್ ಇದೆ ಎಂದುಕೊಳ್ಳಿ. ಹೊಸ ಚಾಸಿ ಮೇಲೆ ಲಾರಿಯ ಬಾಡಿ ಕಟ್ಟಿದರೆ ಅದು ತಯಾರಿಕೆ. ಹಳೆಯ ಲಾರಿಯ ಮುರಿದ ಬಾಡಿ ಸರಿಪಡಿಸಿದರೆ ಸೇವೆ. ಯಂತ್ರ ಅದೇ, ಕೆಲಸಗಾರರೂ ಅವರೇ! ಎರಡೂ ಮಾಡುವ ಶೆಡ್ ಆದರೆ, ಯಾವ ಕೆಲಸದಿಂದ ಹೆಚ್ಚು ಮೌಲ್ಯ ಹುಟ್ಟುತ್ತದೋ ಅದೇ ಮುಖ್ಯ ಚಟುವಟಿಕೆ.

ಇದು ಪರೀಕ್ಷೆಗೆ ಓದುವವರ ತಲೆನೋವು ಮಾತ್ರ ಎಂದುಕೊಳ್ಳಬೇಡಿ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ (ಪಿಎಂಇಜಿಪಿ) 2022ರಲ್ಲಿ ಏರಿಸಿದ ಮಿತಿಯಂತೆ ತಯಾರಿಕಾ ಘಟಕಕ್ಕೆ 50 ಲಕ್ಷ ರೂಪಾಯಿವರೆಗಿನ ಯೋಜನಾ ವೆಚ್ಚಕ್ಕೆ ಸಹಾಯಧನ ಲೆಕ್ಕವಾಗುತ್ತದೆ, ಸೇವಾ ಘಟಕಕ್ಕೆ 20 ಲಕ್ಷದವರೆಗೆ ಮಾತ್ರ. ಬಾಡಿ ಕಟ್ಟುವವರು ಅರ್ಜಿಯಲ್ಲಿ ‘ರಿಪೇರಿ’ ಎಂದು ಬರೆಸಿದರೆ, ಯೋಜನಾ ವೆಚ್ಚದಲ್ಲಿ 20 ಲಕ್ಷ ಮೀರಿದ ಭಾಗಕ್ಕೆ ಸಹಾಯಧನ ಸಿಗುವುದಿಲ್ಲ.

ಪರಿಶೀಲಿಸುವುದು ಸುಲಭ. ಉದ್ಯಮ್ ಪ್ರಮಾಣಪತ್ರದಲ್ಲಿ ಎನ್‌ಐಸಿ ಕೋಡ್ ಇರುತ್ತದೆ. ಎನ್‌ಐಸಿ 2008ರ ಪ್ರಕಾರ ಅದರ ಮೊದಲ ಎರಡು ಅಂಕಿ ನೋಡಿ. 01ರಿಂದ 03 ಕೃಷಿ, ಅರಣ್ಯ, ಮೀನುಗಾರಿಕೆ. 05ರಿಂದ 09 ಗಣಿಗಾರಿಕೆ. 10ರಿಂದ 33 ತಯಾರಿಕೆ. ವಿದ್ಯುತ್, ನೀರು, ಕಟ್ಟಡ ನಿರ್ಮಾಣ 35ರಿಂದ 43ರ ನಡುವೆ ಬರುತ್ತವೆ. 45ರಿಂದ ಮುಂದಿನದು ವ್ಯಾಪಾರ ಮತ್ತು ಸೇವೆ. ದಾಲ್ ಮಿಲ್ ಕೋಡ್ 10ರಿಂದ, ಲಾರಿ ಬಾಡಿ ಕಟ್ಟುವುದು 29ರಿಂದ, ಲಾರಿ ರಿಪೇರಿ 45ರಿಂದ ಶುರುವಾಗುತ್ತದೆ. ಆದರೆ ಈ ಕೋಡನ್ನು ನೋಂದಣಿ ವೇಳೆ ಅರ್ಜಿದಾರರೇ ಆರಿಸಿರುತ್ತಾರೆ, ಹಾಗಾಗಿ ಕಾಗದದಲ್ಲಿ ಒಂದು, ಶೆಡ್‌ನಲ್ಲಿ ಇನ್ನೊಂದು ಇರುವುದೂ ಉಂಟು. ಒಳಗೆ ಏನು ಹೋಗುತ್ತದೆ, ಹೊರಗೆ ಏನು ಬರುತ್ತದೆ ಎಂದು ಒಮ್ಮೆ ಕೇಳಿ ನೋಡಿ.