ಮೂರನೆಯ ತರಗತಿಯ ಉಕ್ತಲೇಖನ: ಒಂದು ಎಣಿಕೆಯ ಇತಿಹಾಸ

ಈ ಸಂಚಿಕೆಗಾಗಿ ಹಳೆಯ ಕಾಗದಪತ್ರಗಳನ್ನು ಹುಡುಕುತ್ತಿದ್ದಾಗ ಕಚೇರಿಯ ಮರದ ಕಪಾಟಿನ ಕೆಳಖಾನೆಯಲ್ಲಿ ಹಾಜರಿ ಪುಸ್ತಕಗಳ ನಡುವೆ ಮೂರನೆಯ ತರಗತಿಯ ಮಕ್ಕಳ ಉಕ್ತಲೇಖನದ ಕೆಲವು ಪುಸ್ತಕಗಳು ದೊರೆತವು. ಅಂಚನ್ನು ಗೆದ್ದಲು ತಿಂದಿತ್ತು, ಬರವಣಿಗೆ ಉಳಿದಿತ್ತು. ಪ್ರತಿ ಪುಟದ ಬಲ ಮೇಲ್ತುದಿಯಲ್ಲಿ ಒಂದರ ಕೆಳಗೊಂದರಂತೆ ಎರಡು ಅಂಕೆಗಳಿದ್ದವು. ಎಲ್ಲಿಯೂ ಕೆಂಪು ಗೀಟಿರಲಿಲ್ಲ. ಆ ತರಗತಿಯಲ್ಲಿ ಬಹುಕಾಲ ಕಲಿಸಿ ನಿವೃತ್ತರಾದ ಟೀಚರನ್ನು ನಾನು ಬಲ್ಲೆ. ನಾನೇ ಕೆಲವು ವರ್ಷ ಅವರ ಪಕ್ಕದ ಕೋಣೆಯಲ್ಲಿ ನಾಲ್ಕನೆಯ ತರಗತಿಗೆ ಪಾಠ ಮಾಡಿದವನು. ಆ ಎರಡು ಅಂಕೆಗಳ ಕಥೆಯನ್ನು ಬರೆದಿಡಬೇಕೆನ್ನಿಸಿತು.

ಕಥೆ ಆರಂಭವಾಗುವುದು ನಮ್ಮ ಶಾಲೆಗಿಂತ ಬಹಳ ಹಿಂದೆ. ಇಂಗ್ಲೆಂಡಿನಲ್ಲಿ 1862ರಲ್ಲಿ ಜಾರಿಗೆ ಬಂದ ಶಿಕ್ಷಣ ಸಂಹಿತೆಯೊಂದು ಶಾಲೆಗಳ ಅನುದಾನವನ್ನು ಮಕ್ಕಳ ಪರೀಕ್ಷೆಗೆ ಕಟ್ಟಿಹಾಕಿತು. ಇನ್‌ಸ್ಪೆಕ್ಟರು ಬಂದು ಓದು, ಬರಹ, ಲೆಕ್ಕಗಳಲ್ಲಿ ಒಂದೊಂದು ಮಗುವನ್ನೂ ಪರೀಕ್ಷಿಸುವುದು, ಉತ್ತೀರ್ಣರಾದವರ ಲೆಕ್ಕದಲ್ಲಿ ಹಣ ಕೊಡುವುದು. ಎರಡನೆಯ ತರಗತಿಯ ಮಗು ಅಚ್ಚಿನ ಒಂದು ಸಾಲನ್ನು ನೋಡಿ ಬರೆದರೆ ಸಾಕಿತ್ತು. ಮೂರನೆಯದರ ಮಗು ಒಂದು ವಾಕ್ಯವನ್ನು ಒಮ್ಮೆ ನಿಧಾನವಾಗಿ ಕೇಳಿ, ಅನಂತರ ಪದಪದವಾಗಿ ಹೇಳಿದ್ದನ್ನು ಬರೆಯಬೇಕಾಗಿತ್ತು. ಕೇಳಿ ಬರೆಯುವ ಪರೀಕ್ಷೆ ಮೂರನೆಯ ತರಗತಿಯಲ್ಲಿ ನೆಲೆಯೂರಿದ್ದು ಹೀಗೆ. ಅದೇ ದಶಕದಲ್ಲಿ ಮದರಾಸು ಪ್ರಾಂತದಲ್ಲಿಯೂ ಫಲಿತಾಂಶಕ್ಕೆ ತಕ್ಕ ಅನುದಾನದ ಪದ್ಧತಿ ಬಂದಿತು. ಕಾಸರಗೋಡು ಆಗ ಆ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ವರ್ಷಕ್ಕೊಮ್ಮೆ ಬಂದು ಮರುದಿನ ಹೊರಟುಹೋಗುವ ಅಧಿಕಾರಿಗೆ ಬೇಕಾದದ್ದು ತಪ್ಪುಗಳ ಲೆಕ್ಕ ಮಾತ್ರ. ಮಗು ಕಳೆದ ತಿಂಗಳು ಎಲ್ಲಿತ್ತೆಂಬುದು ಅವನಿಗೆ ತಿಳಿಯುವಂತಿಲ್ಲ, ತಿಳಿದರೂ ಪ್ರಯೋಜನವಿಲ್ಲ. ಪದ ಸರಿಯಾದರೆ ಅಂಕ, ತಪ್ಪಾದರೆ ಇಲ್ಲ ಎಂಬ ಎಣಿಕೆ ಪರೀಕ್ಷಕನ ಅನುಕೂಲಕ್ಕೆ ಹುಟ್ಟಿದ್ದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಅನುದಾನ ಪದ್ಧತಿ ರದ್ದಾಯಿತು. ಎಣಿಕೆ ಮಾತ್ರ ಉಳಿಯಿತು. ನಮ್ಮ ಶಾಲೆ ತೆರೆಯುವ ಹೊತ್ತಿಗೆ ಅದು ಮಾಸ್ತರರ ಕೈಗೆ ಅಭ್ಯಾಸವಾಗಿಬಿಟ್ಟಿತ್ತು.

ಸ್ಲೇಟೂ ಅದಕ್ಕೆ ನೆರವಾಯಿತು. ಹತ್ತು ಪದ ಹೇಳುವುದು, ಸ್ಲೇಟುಗಳನ್ನು ಎತ್ತಿ ಹಿಡಿಯಹೇಳುವುದು, ತಪ್ಪಿದ ಪದಕ್ಕೆ ಗೀಟು, ಅದನ್ನು ಹತ್ತು ಸಲ ಬರೆಯುವ ಶಿಕ್ಷೆ. ಮರುಗಳಿಗೆಯಲ್ಲಿ ಎಲ್ಲವೂ ಒರೆಸಿಹೋಗುತ್ತಿತ್ತು. ನಿನ್ನೆಯ ಬರವಣಿಗೆಯೇ ಇಲ್ಲದಿದ್ದಾಗ ನಿನ್ನೆಗೂ ಇಂದಿಗೂ ಏನು ವ್ಯತ್ಯಾಸವೆಂದು ಕೇಳುವುದು ಹೇಗೆ? ಉಕ್ತಲೇಖನ ಸ್ಲೇಟಿನಿಂದ ಪುಸ್ತಕಕ್ಕೆ ಬಂದ ಮೇಲೆಯೇ ಆ ಪ್ರಶ್ನೆಗೆ ಎಡೆಯಾಯಿತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕನ್ನಡ ಮಾಧ್ಯಮದ ಮೂರನೆಯ ತರಗತಿಯಲ್ಲಿ ಸೊನ್ನೆ ಪಡೆಯುವುದಕ್ಕೆ ಬೇರೆಯೇ ಅರ್ಥ ಬಂದಿತು. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಟಿ ಅಥವಾ ಮಲಯಾಳ. ಶಾಲೆಯಲ್ಲಿ ಪುಸ್ತಕದ ಕನ್ನಡ. ಇವರಲ್ಲಿ ಅನೇಕರಿಗೆ ಕನ್ನಡ ಅಕ್ಷರದ ತಾಯಿನುಡಿ, ಬಾಯಿಯ ತಾಯಿನುಡಿಯಲ್ಲ. ಉಕ್ತಲೇಖನದಲ್ಲಿ ವಾರವಾರವೂ ಸೊನ್ನೆ ತಂದ ಮಗುವಿನ ಹೆತ್ತವರು "ಇವನಿಗೆ ಕನ್ನಡ ಹತ್ತುವುದಿಲ್ಲ" ಎಂದು ಬೇರೆ ಮಾಧ್ಯಮಕ್ಕೆ ಕರೆದೊಯ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ನನ್ನ ಮುಂದೆಯೇ ಒಬ್ಬ ಅಜ್ಜಿ ಮೊಮ್ಮಗನ ಪುಸ್ತಕವನ್ನು ಮೇಜಿನ ಮೇಲಿಟ್ಟು, "ಟೀಚರೇ, ಇದರಲ್ಲಿ ಒಂದಾದರೂ ಸರಿ ಇಲ್ಲವೋ?" ಎಂದು ಕೇಳಿದರು. ಟೀಚರು ಪುಸ್ತಕವನ್ನು ಮನೆಗೆ ಒಯ್ದರು. ಎರಡು ಅಂಕೆಗಳು ಹುಟ್ಟಿದ್ದು ಆ ಪುಸ್ತಕದಲ್ಲಿ.

ಆ ಹುಡುಗನ ಮನೆಮಾತು ತುಳು. ಹೇಳಿ ಬರೆಯಿಸಿದ ಭಾಗ ಹೀಗಿತ್ತು: ಶಾಲೆಯ ಮುಂದೆ ದೊಡ್ಡ ಹಲಸಿನ ಮರವಿದೆ, ಬೆಳಿಗ್ಗೆ ಪ್ರಾರ್ಥನೆ ಮಾಡುವಾಗ ಮಕ್ಕಳು ಅದರ ನೆರಳಿನಲ್ಲಿ ನಿಲ್ಲುತ್ತಾರೆ. ಇದರಲ್ಲಿ ಐದು ಪದಗಳನ್ನು ಟೀಚರು ಮೊದಲೇ ಆರಿಸಿಟ್ಟಿದ್ದರು. ಹುಡುಗ ಅವುಗಳನ್ನು ಬರೆದದ್ದು: ದೊಡ, ಬೇಳಿಗೆ, ಪಾತನೆ, ಮಕಳ್, ನಿಲುತಾರೆ. ಹಳೆಯ ಲೆಕ್ಕದಲ್ಲಿ ಐದಕ್ಕೆ ಸೊನ್ನೆ.

ಟೀಚರು ಪದವನ್ನು ಬಿಟ್ಟು ಪದದೊಳಗಿನ ಎಡೆಗಳನ್ನು ಎಣಿಸಿದರು. 'ಪ್ರಾರ್ಥನೆ'ಯಲ್ಲಿ ಮಗು ಎಡವಬಹುದಾದ ಎಡೆಗಳು ಐದು: ಪಕಾರದ ಕೆಳಗಿನ ರಕಾರದ ಒತ್ತು, ದೀರ್ಘ, ಅರ್ಕಾವೊತ್ತು, ಥಕಾರದ ಮಹಾಪ್ರಾಣ, ಕೊನೆಯ ಎತ್ವ. 'ಪಾತನೆ' ಎಂದು ಬರೆದವನು ದೀರ್ಘವನ್ನೂ ಎತ್ವವನ್ನೂ ಹಿಡಿದಿದ್ದಾನೆ, ಐದಕ್ಕೆ ಎರಡು. 'ದೊಡ್ಡ'ದಲ್ಲಿ ಎರಡು ಎಡೆ, ದೊರೆತದ್ದು ಒಂದು. 'ಬೆಳಿಗ್ಗೆ'ಯಲ್ಲಿ ನಾಲ್ಕು, ದೊರೆತದ್ದು ಎರಡು. 'ಮಕ್ಕಳು' ಮೂರಕ್ಕೆ ಒಂದು. 'ನಿಲ್ಲುತ್ತಾರೆ' ಐದಕ್ಕೆ ಮೂರು. ಒಟ್ಟು ಹತ್ತೊಂಬತ್ತು ಎಡೆಗಳಲ್ಲಿ ಒಂಬತ್ತು. ಸೊನ್ನೆಯ ಪುಟದ ಮೇಲೆ 9 ಎಂದು ಬಿದ್ದಿತು.

ಇನ್ನೂ ಮುಖ್ಯವಾದುದು ಉಳಿದ ಹತ್ತು ಎಡೆಗಳು ಹೇಳಿದ ಮಾತು. ಐದು ಕಡೆ ತಪ್ಪಿದ್ದು ಒಂದೇ: ಇಮ್ಮಡಿಸಿದ ವ್ಯಂಜನದ ಒತ್ತು. ಹುಡುಗನಿಗೆ ಅದು ಕೇಳಿಸುತ್ತಿಲ್ಲವೋ, ಕೇಳಿಸಿಯೂ ಬರೆಯಲು ತಿಳಿಯದೋ ಎಂದು ನೋಡಲು ಪದವನ್ನು ಬಿಡಿಸಿ ಹೇಳಹೇಳಿದರು. 'ಮಕ್-ಕಳು' ಎಂದು ಸರಿಯಾಗಿಯೇ ಹೇಳಿದ. ಎಂದರೆ ಕಿವಿ ಸರಿಯಿದೆ, ಕಲಿಯಬೇಕಾದದ್ದು ಕೈ. 'ಮಕಳ್' ಎಂದು ಕೊಂಬನ್ನು ಬಿಟ್ಟಿದ್ದು ತುಳುವಿನ ಅಭ್ಯಾಸ. ಅಲ್ಲಿ ಪದಾಂತ್ಯದ ಉಕಾರ ಅನೇಕ ಕಡೆ ಅರೆಸ್ವರವಾಗಿ ಉಳಿಯುತ್ತದೆ. 'ಬೇಳಿಗೆ'ಯ ದೀರ್ಘಕ್ಕೆ ಮಾತ್ರ ಕಾರಣ ಹುಡುಗನಲ್ಲ. ಟೀಚರೇ 'ಬೇ... ಳಿ...' ಎಂದು ಎಳೆದೆಳೆದು ಹೇಳಿದ್ದರು; ಅವನು ಕೇಳಿದ್ದನ್ನೇ ಬರೆದಿದ್ದ. ಈ ಮಾತನ್ನು ನನಗೆ ಹೇಳುವಾಗ ಅವರು ನಕ್ಕರೂ ಮರುವಾರದಿಂದ ಹೇಳುವ ಕ್ರಮವನ್ನೇ ಬದಲಿಸಿದರು.

ಹೊಸ ಕ್ರಮ ಹೀಗೆ. ಹಿಂದಿನ ದಿನ ಮಕ್ಕಳು ಆ ಪಾಠದ ಕೆಲವು ಸಾಲುಗಳನ್ನು ನೋಡಿ ಬರೆಯುವರು. ಥಕಾರ-ತಕಾರ, ಶಕಾರ-ಷಕಾರಗಳ ಭೇದ ನಮ್ಮ ಊರಿನ ಮಾತಿನಲ್ಲಿ ಕಿವಿಗೆ ಸಿಗುವುದು ಅಪರೂಪ; ಅದನ್ನು ಕಣ್ಣಿನಿಂದಲೇ ಕಲಿಯಬೇಕು. ನೋಡದ ಪದದ ಮಹಾಪ್ರಾಣವನ್ನು ಉಕ್ತಲೇಖನದಲ್ಲಿ ಕೇಳುವುದು ಅನ್ಯಾಯ. ಬರೆಯುವ ದಿನ ಇಡೀ ಭಾಗವನ್ನು ಮಾತಿನ ವೇಗದಲ್ಲಿ ಒಮ್ಮೆ ಓದುವುದು. ಆಗ ಯಾರೂ ಪೆನ್ಸಿಲ್ ಮುಟ್ಟಬಾರದು. ಅನಂತರ ಮೂರು ನಾಲ್ಕು ಪದಗಳ ತುಂಡುಗಳಾಗಿ, ಒಂದೊಂದು ತುಂಡನ್ನು ಎರಡು ಸಲ, ಎಳೆಯದೆ ಹೇಳುವುದು. ಕೊನೆಗೆ ಮತ್ತೊಮ್ಮೆ ಪೂರ್ತಿ ಓದುವುದು. ಸಂಶಯವಿರುವ ಪದದ ಅಡಿಗೆ ಮಗು ತಾನೇ ಗೆರೆ ಹಾಕುವುದು. ಒಂದು ಸಾಲು ಬಿಟ್ಟು ಒಂದು ಸಾಲು ಬರೆಯುತ್ತಿದ್ದುದರಿಂದ ಸರಿಯಾದ ರೂಪವನ್ನು ಮೇಲಿನ ಖಾಲಿ ಸಾಲಿನಲ್ಲಿ ಬರೆಯಲು ಜಾಗವಿರುತ್ತಿತ್ತು.

ಎಣಿಕೆ ಆರಿಸಿದ ಐದು ಪದಗಳಿಗಷ್ಟೇ. ಉಳಿದ ತಪ್ಪುಗಳನ್ನು ತಿದ್ದುವರು, ಲೆಕ್ಕಕ್ಕೆ ತೆಗೆದುಕೊಳ್ಳರು. ಇಲ್ಲವಾದರೆ ಮೂವತ್ತು ಪುಸ್ತಕ ನೋಡುವಷ್ಟರಲ್ಲಿ ರಾತ್ರಿಯಾದೀತು. ಮೇಲಿನ ಅಂಕೆ ಅಂದಿನ ಎಡೆಗಳದು. ಕೆಳಗಿನದು ನಾಲ್ಕು ವಾರಗಳ ಹಿಂದಿನದಕ್ಕಿಂತ ಎಷ್ಟು ಏರಿಕೆಯೆಂಬುದು. ಮಕ್ಕಳ ಮುಂದೆ ಓದಿ ಹೇಳುತ್ತಿದ್ದುದು ಕೆಳಗಿನ ಅಂಕೆಯನ್ನು ಮಾತ್ರ.

ನಾಲ್ಕು ವಾರಗಳ ಬಳಿಕ ಮುನ್ಸೂಚನೆಯಿಲ್ಲದೆ ಅದೇ ಭಾಗವನ್ನು ಕೊಟ್ಟಾಗ ಹುಡುಗ ಬರೆದದ್ದು: ದೊಡ್ಡ, ಬೆಳಿಗ್ಗೆ, ಪ್ರಾರ್ತನೆ, ಮಕ್ಕಳ್, ನಿಲ್ಲುತಾರೆ. ಎಡೆಗಳು 16, ಏರಿಕೆ 7. ಹಳೆಯ ಲೆಕ್ಕದಲ್ಲಿ ಅವನಿಗೆ ಐದಕ್ಕೆ ಎರಡು ಬರುತ್ತಿತ್ತು. ತರಗತಿಯಲ್ಲಿ ಹಿಂದಿನವರ ಸಾಲಿನಲ್ಲಿಯೇ ಇರುತ್ತಿದ್ದ. ಆ ದಿನ ಅವನ ಏಳಕ್ಕಿಂತ ದೊಡ್ಡ ಏರಿಕೆ ಯಾರದೂ ಇರಲಿಲ್ಲ.

ಈ ಪದ್ಧತಿಗೆ ತೊಡಕುಗಳಿರಲಿಲ್ಲವೆಂದರೆ ಸುಳ್ಳಾದೀತು. ಮೊದಲ ದೂರು ಚೆನ್ನಾಗಿ ಬರೆಯುವವರದು. ಹದಿನೆಂಟರಿಂದ ಹತ್ತೊಂಬತ್ತಕ್ಕೆ ಬಂದವಳಿಗೆ ಏರಿಕೆ ಒಂದೇ, ಅವಳು ಅತ್ತುಬಿಟ್ಟಳು. ಎರಡು ಸಲ ಹದಿನೇಳು ದಾಟಿದವರಿಗೆ ಕಠಿನವಾದ ಬೇರೆ ಭಾಗವನ್ನು ಕೊಟ್ಟು, ಏರಿಕೆಯನ್ನು ಹೊಸದಾಗಿ ಎಣಿಸುವುದೆಂದು ಗೊತ್ತುಮಾಡಬೇಕಾಯಿತು. ಎರಡನೆಯದು ಸೂಕ್ಷ್ಮವಾದುದು: ಸುಲಭವಾದ ಭಾಗ ಕೊಟ್ಟರೆ ಕಲಿಯದೆಯೇ ಏರಿಕೆ ಕಾಣುತ್ತದೆ. ಒಂದೇ ದಿನ ಇಡೀ ತರಗತಿ ಏರಿದರೆ ಏರಿದ್ದು ಮಕ್ಕಳಲ್ಲ, ಇಳಿದದ್ದು ಪಾಠ ಎಂದು ತಿಳಿಯಬೇಕು. ಅದಕ್ಕಾಗಿಯೇ ಅವರು ಹಳೆಯ ಭಾಗವನ್ನೇ ನಡುನಡುವೆ ಮರಳಿ ಕೊಡುತ್ತಿದ್ದರು. ಆದರೆ ಮೂರನೆಯ ಸಲ ಕೊಟ್ಟರೆ ಮಕ್ಕಳು ಬಾಯಿಪಾಠದಿಂದ ಬರೆಯುತ್ತಾರೆ, ಎರಡಕ್ಕೆ ನಿಲ್ಲಿಸಬೇಕು.

ಮೂರನೆಯ ದೂರು ನನ್ನದೇ. ನಾಲ್ಕನೆಯ ತರಗತಿಗೆ ಬಂದ ಮಕ್ಕಳು 'ಪ್ರಾರ್ತನೆ' ಎಂದೇ ಬರೆಯುತ್ತಿದ್ದರೆ ನಾನು ಸುಮ್ಮನಿರುವುದು ಹೇಗೆ ಎಂದು ಕೊಂಚ ಗಡುಸಾಗಿಯೇ ಕೇಳಿದ್ದೆ. ಅವರು ವಾದಿಸಲಿಲ್ಲ. ಪುಸ್ತಕಗಳನ್ನು ತಂದು ನನ್ನ ಮೇಜಿನ ಮೇಲಿಟ್ಟು, ಯಾವ ಮಗುವಿಗೆ ಯಾವ ಎಡೆ ಇನ್ನೂ ಉಳಿದಿದೆಯೆಂದು ತೋರಿಸಿದರು. ಹನ್ನೊಂದು ಮಕ್ಕಳಿಗೆ ಮಹಾಪ್ರಾಣವೊಂದೇ ಉಳಿದಿತ್ತು. ಇಬ್ಬರಿಗೆ ಅರ್ಕಾವೊತ್ತು ಬರುತ್ತಿರಲಿಲ್ಲ. ನಾನು ಜೂನ್ ತಿಂಗಳಲ್ಲಿ ಇಡೀ ತರಗತಿಗೆ ಕಾಗುಣಿತ ತಿರುಗಿಸುವುದನ್ನು ಬಿಟ್ಟು ಆ ಹನ್ನೊಂದು ಮಂದಿಗೆ ಥ, ಧ, ಭಗಳ ಪದಗಳನ್ನು ನೋಡಿ ಬರೆಯಿಸತೊಡಗಿದೆ. ಪ್ರಗತಿ ಪತ್ರಕ್ಕೆ ಮಾತ್ರ ಹಳೆಯ ಅಂಕಗಳನ್ನೇ ತುಂಬಬೇಕಾಗಿತ್ತು. ಟೀಚರು ಕೊನೆಯವರೆಗೂ ಎರಡು ಲೆಕ್ಕ ಇಟ್ಟುಕೊಂಡರು.

ಕಪಾಟಿನಲ್ಲಿ ದೊರೆತ ಪುಸ್ತಕಗಳಲ್ಲಿ ಆ ಹುಡುಗನದೂ ಇದೆ. ಕೊನೆಯ ಪುಟದಲ್ಲಿ 'ಪ್ರಾರ್ಥನೆ' ಸರಿಯಾಗಿದೆ. 'ಮಕ್ಕಳ್' ಎಂದು ಬರೆದು, ಅದರ ಅಡಿಗೆ ತಾನೇ ಗೆರೆ ಹಾಕಿ, ಒತ್ತಿ ಒತ್ತಿ ಕೊಂಬನ್ನು ಸೇರಿಸಿದ್ದಾನೆ. ಪೆನ್ಸಿಲ್ ಒತ್ತಿದ ಗುರುತು ಕಾಗದದ ಹಿಂಬದಿಯಲ್ಲಿ ಈಗಲೂ ಬೆರಳಿಗೆ ಸಿಗುತ್ತದೆ.